ಬೆಕ್ಕು ಸತ್ತಿದೆ ಅಂತ ಮಗುವಿಗೆ ಹೇಳಿಬಿಡಿ

ನಮ್ಮ ಮನೆಗಳಲ್ಲಿ ಸಾಕಿದ ಬೆಕ್ಕೋ ಪಾರಿವಾಳವೋ ಮೊಲವೋ ಸತ್ತರೆ ಸಾಮಾನ್ಯವಾಗಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಮಗು ಏಳುವುದಕ್ಕೆ ಮೊದಲೇ ಯಾರಾದರೂ ಅದನ್ನು ಹಳೆಯ ಗೋಣಿಗೋ ಪ್ಲಾಸ್ಟಿಕ್ ಕವರಿಗೋ ಹಾಕಿ ಗುಡ್ಡೆಯ ಆಚೆ ಬಿಸಾಡಿ ಬರುತ್ತಾರೆ. ಮಗು ಎದ್ದು ಕೇಳಿದರೆ "ಎಲ್ಲಿಯೋ ಹೋಗಿದೆ, ಬರ್ತದೆ" ಅಂತ ಹೇಳುತ್ತೇವೆ. ಎರಡು ದಿನ ಬಿಟ್ಟು ಕೇಳಿದರೆ "ಹೊಸತು ತರುವ" ಅಂತ ಹೇಳುತ್ತೇವೆ. ಇದರಲ್ಲಿ ಕೆಟ್ಟ ಉದ್ದೇಶ ಏನೂ ಇಲ್ಲ. ಮಗುವಿಗೆ ಬೇಜಾರಾಗಬಾರದು ಎಂಬ ಪ್ರೀತಿಯಿಂದಲೇ ಮಾಡುವುದು. ಆದರೂ ಇದು ಸರಿಯಾದ ಕ್ರಮ ಅಲ್ಲ ಎಂಬುದು ನನ್ನ ಅಭಿಪ್ರಾಯ. ಬೆಳಗ್ಗೆ ಮದ್ರಸಕ್ಕೆ ಬರುವ ಸಣ್ಣ ಮಕ್ಕಳು ಇಂತಹ ವಿಷಯಗಳನ್ನು ಮನೆಯಲ್ಲಿ ಕೇಳದೆ ಉಸ್ತಾದರ ಹತ್ತಿರ ಬಂದು ಕೇಳುತ್ತಾರೆ. ಅವರ ಪ್ರಶ್ನೆಗಳನ್ನು ಕೇಳಿ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುವುದು ಇಷ್ಟೇ. ಸತ್ತಿದೆ ಎಂಬ ಮಾತನ್ನು ನೇರವಾಗಿ ಹೇಳಿ, ಮಗುವಿಗೆ ಒಮ್ಮೆ ನೋಡಲು ಬಿಡಿ, ಅದರ ಕೈಯಿಂದಲೇ ಒಂದು ಹಿಡಿ ಮಣ್ಣು ಹಾಕಿಸಿ. ಇಡೀ ಕೆಲಸಕ್ಕೆ ಹದಿನೈದು ನಿಮಿಷ ಸಾಕು. ಆದರೆ ಹೇಳುವ ಮಾತು ಯಾವುದು, ಮಾಡುವ ಕ್ರಮ ಎಷ್ಟರವರೆಗೆ, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಜಾಗ್ರತೆ ಬೇಕು.

"ಉಸ್ತಾದರೇ, ಮನುಷ್ಯರು ಸತ್ತರೇ ನಮಗೆ ನೋಡಲು ಪುರುಸೊತ್ತಿಲ್ಲ, ಬೆಕ್ಕಿಗೆಲ್ಲ ಇದೆಲ್ಲ ಎಂತದು?" ಎಂದು ಕೇಳುವವರು ಇದ್ದಾರೆ. ಅವರಿಗೆ ಹದೀಸಿನಲ್ಲಿ ಬರುವ ಅಬೂ ಉಮೈರ್ ಎಂಬ ಸಣ್ಣ ಹುಡುಗನನ್ನು ನೆನಪು ಮಾಡುತ್ತೇನೆ. ಇವನು ಅನಸ್ ಬಿನ್ ಮಾಲಿಕ್(ರ) ಅವರ ತಮ್ಮ, ಉಮ್ಮು ಸುಲೈಮ್(ರ) ಅವರ ಮಗ. ಅವನ ಹತ್ತಿರ ಗುಬ್ಬಚ್ಚಿಯಂತಹ ಒಂದು ಸಣ್ಣ ಹಕ್ಕಿ ಇತ್ತು. ಅದರ ಜೊತೆ ಆಡುತ್ತಿದ್ದ. ಹಕ್ಕಿ ಸತ್ತಿತು. ಮನೆಗೆ ಬಂದ ಪ್ರವಾದಿ(ಸ)ಯವರು ಹುಡುಗ ಬೇಜಾರಲ್ಲಿ ಇರುವುದನ್ನು ಕಂಡು ಕಾರಣ ವಿಚಾರಿಸಿದರು. ಆಮೇಲೆ ಹುಡುಗನನ್ನೇ ಹೆಸರು ಹಿಡಿದು ಕರೆದು, ನಿನ್ನ ಆ ಹಕ್ಕಿಗೆ ಏನಾಯಿತು ಎಂದು ಕೇಳಿದರು. ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಹಕ್ಕಿ ಸತ್ತ ವಿವರ ಅಬೂದಾವೂದಿನ ವರದಿಯಲ್ಲಿ ಇದೆ. ನಮ್ಮದೇ ಶಾಫಿಈ ಮದ್‌ಹಬಿನ ದೊಡ್ಡ ವಿದ್ವಾಂಸ ಇಬ್ನುಲ್ ಕಾಸ್ ಅತ್ತಬರೀ ಅವರು ಈ ಒಂದು ಹದೀಸಿನಿಂದ ಅರುವತ್ತು ಪಾಠಗಳನ್ನು ತೆಗೆದು ಒಂದು ಪ್ರತ್ಯೇಕ ಗ್ರಂಥವನ್ನೇ ಬರೆದಿದ್ದಾರೆ. ಅವರು ತೀರಿಹೋದದ್ದು ಹಿಜರಿ 335ರಲ್ಲಿ. ಅಂದರೆ ಒಂದು ಮಗುವಿನ ಸತ್ತ ಹಕ್ಕಿಯ ಬಗ್ಗೆ ಮಾತಾಡುವುದು ಸಣ್ಣ ವಿಷಯ ಅಂತ ನಮ್ಮ ಇಮಾಮರು ತಿಳಿದಿರಲಿಲ್ಲ.

ಈ ಹದೀಸಿನಲ್ಲಿ ಒಂದು ವಿಷಯ ಗಮನಿಸಿ. ಪ್ರವಾದಿ(ಸ)ಯವರು ಮಾತನ್ನು ಬೇರೆ ಕಡೆ ತಿರುಗಿಸಲಿಲ್ಲ. ಹಕ್ಕಿಯ ವಿಷಯವನ್ನೇ ಎತ್ತಿದರು. ಅದೂ ದೊಡ್ಡವರ ಹತ್ತಿರ ಅಲ್ಲ, ಮಗುವಿನ ಹತ್ತಿರ. ನಾವು ಮಾಡುವುದು ಇದಕ್ಕೆ ಉಲ್ಟಾ. ಬೆಕ್ಕಿನ ಹೆಸರು ಎತ್ತಬೇಡಿ, ಮಗು ಮರೆತುಬಿಡಲಿ ಅಂತ ಹೇಳುತ್ತೇವೆ. ಮಗು ಮರೆಯುವುದಿಲ್ಲ. ಇದರ ಬಗ್ಗೆ ಮಾತಾಡಬಾರದು ಎಂದು ಮಾತ್ರ ಕಲಿಯುತ್ತದೆ.

ಇನ್ನು ಮಾತಿನ ವಿಷಯಕ್ಕೆ ಬರುವ. ನಾಲ್ಕು-ಐದು ವರ್ಷದ ಮಗುವಿಗೆ ಸಾವು ಎಂದರೆ ತಿರುಗಿ ಬರಲಾಗದ್ದು ಎಂದು ತಿಳಿದಿರುವುದಿಲ್ಲ. ಸತ್ತ ಮೇಲೂ ಹಸಿವಾಗಬಹುದು, ಚಳಿಯಾಗಬಹುದು, ಸ್ವಲ್ಪ ದಿನ ಬಿಟ್ಟು ಎದ್ದು ಬರಬಹುದು ಎಂದೇ ಅದು ನಂಬುತ್ತದೆ. ಐದರಿಂದ ಏಳು ವರ್ಷದ ಒಳಗೆ ಹೆಚ್ಚಿನ ಮಕ್ಕಳಿಗೆ ಇದು ನಿಧಾನವಾಗಿ ಅರ್ಥವಾಗುತ್ತದೆ. ಈ ಪ್ರಾಯದಲ್ಲಿ ಮಕ್ಕಳು ನಾವು ಹೇಳಿದ ಮಾತನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳುತ್ತವೆ. ಆದ್ದರಿಂದ ದೊಡ್ಡವರು ಮೆತ್ತಗೆ ಹೇಳಿದ ಮಾತುಗಳೇ ಅವಕ್ಕೆ ಹೆದರಿಕೆ ತರುತ್ತವೆ. ಅಂತಹ ಮಾತುಗಳು ನಮ್ಮಲ್ಲಿ ಮೂರು ಇವೆ.

ಮೊದಲನೆಯದು "ಮಲಗಿದೆ" ಎನ್ನುವುದು. ಮಲಗಿದ ಬೆಕ್ಕನ್ನು ಮಣ್ಣಿಗೆ ಹಾಕಿದರು ಎಂದು ಕಂಡ ಮಗು ರಾತ್ರಿ ತಾನು ಮಲಗಲು ಹೆದರುತ್ತದೆ. ನಮ್ಮ ಮಕ್ಕಳಿಗೆ ಇದರಲ್ಲಿ ಇನ್ನೊಂದು ತೊಡಕೂ ಉಂಟು. ಮಲಗುವಾಗ ಮತ್ತು ಏಳುವಾಗ ಹೇಳುವ ದಿಕ್ರ್‌ಗಳಲ್ಲಿ ನಿದ್ದೆಯನ್ನು ಸಾವಿಗೆ ಹೋಲಿಸಿದೆ. ಅರ್ಥ ಸಹಿತ ಕಲಿತ ಮಗು "ಹಾಗಾದರೆ ನಾನೂ ಸಾಯ್ತೇನಾ?" ಅಂತ ಕೇಳಿಯೇ ಕೇಳುತ್ತದೆ. ಆಗ ವ್ಯತ್ಯಾಸವನ್ನು ಕೈಯಿಂದ ಮುಟ್ಟಿಸಿ ತೋರಿಸಬೇಕು. ಮಗುವಿನ ಅಂಗೈಯನ್ನು ಅದರ ಎದೆಯ ಮೇಲೆ ಇಡಿಸಿ, "ನೋಡು, ಒಳಗೆ ಡಬ್ ಡಬ್ ಅಂತದೆ. ನಿದ್ದೆ ಮಾಡುವಾಗಲೂ ಇದು ನಿಲ್ಲುವುದಿಲ್ಲ. ಸತ್ತಾಗ ನಿಲ್ಲುತ್ತದೆ" ಎಂದು ಹೇಳಿ. ಇದು ಸಣ್ಣ ಮಗುವಿಗೂ ಅರ್ಥವಾಗುತ್ತದೆ.

ಎರಡನೆಯದು "ದೂರ ಹೋಗಿದೆ" ಎನ್ನುವುದು. ನಮ್ಮ ಸಮುದಾಯದಲ್ಲಿ ಈ ಮಾತು ಬಹಳ ಅಪಾಯದ್ದು. ಎಷ್ಟೋ ಮನೆಗಳಲ್ಲಿ ಉಪ್ಪ ದಮಾಮಿನಲ್ಲೋ ದುಬೈಯಲ್ಲೋ ಇದ್ದಾರೆ. "ಉಪ್ಪ ಎಲ್ಲಿ?" ಎಂದರೆ "ದೂರ ಹೋಗಿದ್ದಾರೆ, ಬರ್ತಾರೆ" ಎಂದು ದಿನಾ ಹೇಳುತ್ತೇವೆ. ಅದೇ ಮಾತನ್ನು ಸತ್ತ ಬೆಕ್ಕಿಗೂ ಹೇಳಿದರೆ ಮಗು ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ಬೆಕ್ಕು ಬರಲಿಲ್ಲ, ಹಾಗಾದರೆ ಉಪ್ಪ ಬರುತ್ತಾರಾ? ಅಥವಾ ಉಪ್ಪ ವರ್ಷಕ್ಕೊಮ್ಮೆ ಬರುತ್ತಾರೆ, ಹಾಗಾದರೆ ಬೆಕ್ಕೂ ಬರಬೇಕಲ್ಲ? ಈ ಲೆಕ್ಕ ಮಗುವಿನ ತಲೆಯೊಳಗೆ ನಡೆಯುತ್ತಾ ಇರುತ್ತದೆ, ಬಾಯಿಗೆ ಬರುವುದು ಕಡಿಮೆ.

ಮೂರನೆಯದು "ಅಲ್ಲಾಹನಿಗೆ ಇಷ್ಟವಾಯಿತು, ಕರೆದುಕೊಂಡ" ಎನ್ನುವುದು. ನಾವು ಸಮಾಧಾನಕ್ಕೆ ಹೇಳುವ ಮಾತು ಇದು. ಆದರೆ ಮಗುವಿಗೆ ಕೇಳಿಸುವುದು ಬೇರೆ. ಅಲ್ಲಾಹನಿಗೆ ಇಷ್ಟವಾದದ್ದನ್ನೆಲ್ಲ ಅವನು ನನ್ನಿಂದ ತೆಗೆದುಕೊಂಡು ಹೋಗುತ್ತಾನೆ, ನಾಳೆ ಉಮ್ಮನೂ ಇಷ್ಟವಾಗಬಹುದು, ಒಳ್ಳೆಯ ಹುಡುಗಿಯಾದರೆ ನಾನೂ ಇಷ್ಟವಾಗಬಹುದು. ರಬ್ಬನ ಮೇಲೆ ಪ್ರೀತಿ ಹುಟ್ಟಬೇಕಾದ ಪ್ರಾಯದಲ್ಲಿ ಹೆದರಿಕೆ ಹುಟ್ಟಿಸಿದ ಹಾಗಾಗುತ್ತದೆ. ಇದರ ಬದಲು "ಅದು ಅಲ್ಲಾಹನದ್ದು. ಅವನು ನಮಗೆ ನೋಡಿಕೊಳ್ಳಲು ಕೊಟ್ಟಿದ್ದ. ಈಗ ಅವನ ಬಳಿಗೇ ಹೋಯಿತು" ಎಂದು ಹೇಳಿ. ನಾವು ಮಯ್ಯಿತ್ತಿನ ಸುದ್ದಿ ಕೇಳಿದ ಕೂಡಲೇ ಹೇಳುವ ಇನ್ನಾಲಿಲ್ಲಾಹಿಯ ಸಾರವೇ ಇದು. ಮಗುವಿನ ಭಾಷೆಯಲ್ಲಿ ಹೇಳಿದರೆ ಆಯಿತು.

ಹಾಗಾದರೆ ಹೇಳಬೇಕಾದದ್ದು ಯಾವುದು? ಅದನ್ನು ನಾನು ಕಣ್ಣಾರೆ ಕಂಡ ಒಂದು ಮನೆಯ ಉದಾಹರಣೆಯಿಂದ ಹೇಳುತ್ತೇನೆ. ಆ ಮನೆಯ ದೊಡ್ಡ ಹುಡುಗ ನನ್ನ ಮದ್ರಸದಲ್ಲಿ ಮೂರನೇ ಕ್ಲಾಸು. ಅವನ ತಂಗಿಗೆ ಐದೂವರೆ ವರ್ಷ. ಅವಳದ್ದು ಒಂದು ಹಳದಿ-ಬಿಳಿ ಬಣ್ಣದ ಬೆಕ್ಕು, ಹೆಸರು ಚಿನ್ನು. ಒಂದು ದಿನ ಬೆಳಗಿನ ಜಾವ ಮನೆಯ ಎದುರಿನ ರಸ್ತೆಯಲ್ಲಿ ಯಾವುದೋ ವಾಹನ ಹೊಡೆದು ಅದು ಸತ್ತಿತ್ತು. ಹುಡುಗಿಯ ಮಾವ ಸುಬಹಿ ನಮಾಝ್ ಮುಗಿಸಿ ಬರುವಾಗ ಕಂಡದ್ದು. ಅಜ್ಜಿ "ಹುಡುಗಿ ಏಳುವ ಮುಂಚೆ ತೆಗೆದುಬಿಡು" ಎಂದರು. ಉಮ್ಮ ಮಾತ್ರ ಒಪ್ಪಲಿಲ್ಲ. "ಅವಳು ಇಡೀ ದಿನ ಹುಡುಕ್ತಾಳೆ, ನಾನು ಎಷ್ಟು ಸುಳ್ಳು ಹೇಳಲಿ?" ಎಂದರು. ಮಾವ ಮದ್ರಸಕ್ಕೆ ಬಂದು ನನ್ನಲ್ಲಿ ಕೇಳಿದರು: "ಉಸ್ತಾದ್, ಬೆಕ್ಕಿಗೆ ಎಂತೆಲ್ಲ ಮಾಡ್ಲಿಕ್ಕೆ ಉಂಟು, ಎಂತ ಮಾಡ್ಲಿಕ್ಕೆ ಇಲ್ಲ?"

ನಾನು ಮೊದಲು ಇಲ್ಲದ್ದನ್ನು ಹೇಳಿದೆ. ಪ್ರಾಣಿಗೆ ಸ್ನಾನ ಮಾಡಿಸಲಿಕ್ಕಿಲ್ಲ, ಕಫನ್ ಇಲ್ಲ, ಮಯ್ಯಿತ್ ನಮಾಝ್ ಇಲ್ಲ, ತಲ್ಕೀನ್ ಇಲ್ಲ, ಯಾಸೀನ್ ಓದಿ ಹದಿಯಾ ಮಾಡಲಿಕ್ಕಿಲ್ಲ. ಮೀಸಾನ್ ಕಲ್ಲು ಇಡುವುದು, ಏಳನೇ ದಿನ ಮಾಡುವುದು ಯಾವುದೂ ಇಲ್ಲ. ಇದನ್ನು ಗಟ್ಟಿಯಾಗಿ ಹೇಳುವುದಕ್ಕೆ ಎರಡು ಕಾರಣ ಉಂಟು. ಒಂದು, ಮನುಷ್ಯನ ಮಯ್ಯಿತ್ತಿಗೆ ದೀನ್ ಕೊಟ್ಟ ಗೌರವವನ್ನು ಆಟದ ವಸ್ತು ಮಾಡಬಾರದು. ಇನ್ನೊಂದು, ಇಂತಹದ್ದು ಏನಾದರೂ ಮಾಡಹೊರಟರೆ ಮನೆಯ ಹಿರಿಯರಿಗೂ ಕಿರಿಯರಿಗೂ ಅಲ್ಲೇ ಜಗಳ ಶುರುವಾಗುತ್ತದೆ. ಅಳುವ ಮಗುವಿನ ತಲೆಯ ಮೇಲೆ ಮಸ್‌ಅಲದ ಜಗಳ ನಡೆದರೆ ಮಗುವಿಗೆ ಉಳಿಯುವುದು ಆ ಜಗಳದ ನೆನಪು ಮಾತ್ರ.

ಆಮೇಲೆ ಇರುವುದನ್ನು ಹೇಳಿದೆ. ಸತ್ತ ಪ್ರಾಣಿಯನ್ನು ಹೂಳಬಹುದು. ಅದು ಕಡ್ಡಾಯ ಅಲ್ಲ, ಆದರೆ ವಾಸನೆ ಬಂದು ಜನರಿಗೆ ತೊಂದರೆಯಾಗದ ಹಾಗೆ ಮಾಡುವುದು ಒಳ್ಳೆಯ ಕೆಲಸ. ಆದಮರ ಮಗ ತಮ್ಮನನ್ನು ಕೊಂದು ಏನು ಮಾಡುವುದು ಅಂತ ತಿಳಿಯದೆ ನಿಂತಾಗ, ಮಣ್ಣು ಕೆದಕಿ ತೋರಿಸಲು ಅಲ್ಲಾಹನು ಒಂದು ಕಾಗೆಯನ್ನು ಕಳುಹಿಸಿದ ಕಥೆ ಸೂರಃ ಮಾಯಿದದಲ್ಲಿ ಇದೆ. ಈ ಕಥೆ ಮಕ್ಕಳಿಗೆ ಗೊತ್ತು. ಮಣ್ಣು ಮಾಡುವ ಕ್ರಮವನ್ನು ಮನುಷ್ಯನಿಗೆ ತೋರಿಸಿಕೊಟ್ಟದ್ದೇ ಒಂದು ಹಕ್ಕಿ. ಒಂದು ಪ್ರಾಣಿಯನ್ನು ಮರ್ಯಾದೆಯಿಂದ ಮಣ್ಣಿಗೆ ಸೇರಿಸಿದರೆ ಅದರಲ್ಲಿ ಹೊಸ ಆಚಾರ ಏನೂ ಆಗುವುದಿಲ್ಲ.

ಮದ್ರಸ ಬಿಟ್ಟ ಮೇಲೆ ನಾನೂ ಆ ಮನೆಗೆ ಹೋದೆ. ಅಷ್ಟರಲ್ಲಿ ಮಾವ ತೋಟದ ಮೂಲೆಯಲ್ಲಿ ಗುಂಡಿ ತೆಗೆದಿದ್ದರು. ಗುಂಡಿಯ ವಿಷಯದಲ್ಲಿ ಜಾಗ್ರತೆ ಬೇಕು. ಬೆಕ್ಕಿನಷ್ಟು ದೊಡ್ಡ ಪ್ರಾಣಿಗೆ ಎರಡೂವರೆ-ಮೂರು ಅಡಿ ಆಳ ಬೇಕು. ಒಂದು ಅಡಿ ತೆಗೆದು ಮುಚ್ಚಿದರೆ ರಾತ್ರಿ ನಾಯಿ ಕೆದಕಿ ಹೊರಗೆ ಹಾಕುತ್ತದೆ. ಮರುದಿನ ಬೆಳಗ್ಗೆ ಅದನ್ನು ಮೊದಲು ಕಾಣುವುದು ಅದೇ ಮಗು. ನಮ್ಮ ಕಡೆ ಮುರಕಲ್ಲಿನ ನೆಲ, ಕೆಲವು ಕಡೆ ಅಷ್ಟು ಆಳ ಹೋಗುವುದಿಲ್ಲ. ಆಗ ಹೋದಷ್ಟು ತೆಗೆದು, ಮಣ್ಣು ಮುಚ್ಚಿ, ಮೇಲೆ ನಾಲ್ಕೈದು ಭಾರದ ಕಲ್ಲು ಒತ್ತಾಗಿ ಇಡಬೇಕು. ಬಾವಿಯಿಂದ ಮತ್ತು ನೀರು ಹರಿಯುವ ತೋಡಿನಿಂದ ಆದಷ್ಟು ದೂರ ಇರಬೇಕು. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ಒಸರಿದರೆ ಎತ್ತರದ ಜಾಗ ನೋಡಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹೂಳಬಾರದು, ಅದು ಮಣ್ಣಾಗುವುದಿಲ್ಲ. ಹಳೆಯ ಹತ್ತಿ ಬಟ್ಟೆಯೋ ಪೇಪರೋ ಸಾಕು.

ಬೆಕ್ಕಿನ ತಲೆಯ ಒಂದು ಬದಿಗೆ ಪೆಟ್ಟಾಗಿತ್ತು. ಆದ್ದರಿಂದ ಉಮ್ಮ ಹುಡುಗಿಯ ಹಳೆಯ ಚೂಡಿದಾರದ ಬಟ್ಟೆಯಲ್ಲಿ ಅದನ್ನು ಸುತ್ತಿ, ಪೆಟ್ಟಾದ ಕಡೆ ಕಾಣದ ಹಾಗೆ ಬೆನ್ನು ಮತ್ತು ಬಾಲ ಮಾತ್ರ ಹೊರಗೆ ಬಿಟ್ಟಿದ್ದರು. ಇದು ಸರಿಯಾದ ಕ್ರಮ. ಮಗುವಿಗೆ ಗಾಯ ತೋರಿಸುವ ಅಗತ್ಯ ಇಲ್ಲ. ಇದು ನನ್ನದೇ ಬೆಕ್ಕು, ಅದು ಅಲ್ಲಾಡುವುದಿಲ್ಲ ಎಂದು ಗೊತ್ತಾದರೆ ಸಾಕು. ನೋಡಲು ಒಲ್ಲೆ ಎಂದರೆ ಒತ್ತಾಯವೂ ಬೇಡ. ಉಮ್ಮ ಮೊದಲೇ ಹುಡುಗಿಯನ್ನು ಮಡಿಲಲ್ಲಿ ಕುಳ್ಳಿರಿಸಿ ಹೇಳಿದ್ದರು: "ಚಿನ್ನು ಸತ್ತಿದೆ ಮೋಳೇ. ರಸ್ತೆಯಲ್ಲಿ ವಾಹನ ತಾಗಿತು. ಈಗ ಅದಕ್ಕೆ ಉಸಿರಿಲ್ಲ, ಹಸಿವೆಯಿಲ್ಲ, ನೋವಿಲ್ಲ. ಇನ್ನು ಅದು ಎದ್ದು ಬರುವುದಿಲ್ಲ. ನಾವು ಅದನ್ನು ಮಣ್ಣು ಮಾಡುವ, ನೀನೂ ಬರ್ತೀಯಾ?" ಇಷ್ಟೇ ಮಾತು. ಏನಾಯಿತು, ಹೇಗಾಯಿತು, ತಿರುಗಿ ಬರುವುದಿಲ್ಲ, ಮುಂದೆ ನಾವು ಏನು ಮಾಡುತ್ತೇವೆ. ಇವು ನಾಲ್ಕೂ ಅದರಲ್ಲಿ ಬಂದವು.

ಹುಡುಗಿ ಬಂದಳು. ಬಾಲವನ್ನು ಬೆರಳ ತುದಿಯಿಂದ ಮುಟ್ಟಿ "ತಣ್ಣಗಿದೆ" ಎಂದಳು. ಮಾವ ಬೆಕ್ಕನ್ನು ಗುಂಡಿಗೆ ಇಳಿಸಿದರು. ಅವಳ ಹತ್ತಿರ "ಚಿನ್ನುಗೆ ಎಂತಾದರೂ ಹೇಳ್ಲಿಕ್ಕೆ ಉಂಟಾ?" ಅಂತ ನಾನು ಕೇಳಿದೆ. ಮಕ್ಕಳಿಗೆ ಹೇಳಲು ಬರದಿದ್ದರೆ ದೊಡ್ಡವರು ಒಂದು ವಾಕ್ಯ ಶುರು ಮಾಡಿ ಕೊಡಬೇಕು. ಅಣ್ಣ ಶುರು ಮಾಡಿದ: "ಚಿನ್ನು ನನ್ನ ಪುಸ್ತಕದ ಮೇಲೆಯೇ ಬಂದು ಕೂರ್ತಿತ್ತು." ಆಗ ಹುಡುಗಿ "ನನ್ನ ಕಾಲಿನ ಹತ್ತಿರ ಮಲಗ್ತಿತ್ತು" ಎಂದಳು. ಸ್ವಲ್ಪ ಹೊತ್ತು ಬಿಟ್ಟು "ಹೋಗು ಚಿನ್ನು" ಎಂದಳು. ಅಷ್ಟೇ. ನಾನು ಅವರದ್ದೇ ಭಾಷೆಯಲ್ಲಿ ಒಂದು ಸಣ್ಣ ದುಆ ಮಾಡಿಸಿದೆ. ಚಿನ್ನುವನ್ನು ನಮಗೆ ಕೊಟ್ಟದ್ದಕ್ಕೆ ಅಲ್ಲಾಹನಿಗೆ ಸ್ತುತಿ, ನಮಗೆ ಸಬರ್ ಕೊಡು, ಎಲ್ಲ ಪ್ರಾಣಿಗಳ ಮೇಲೆ ನಮಗೆ ಕರುಣೆ ಕೊಡು ಎಂದು. ಬೆಕ್ಕಿನ ಮಗ್ಫಿರತ್‌ಗಾಗಿ ದುಆ ಬೇಕಿಲ್ಲ, ಅದಕ್ಕೆ ಪಾಪವೇ ಇಲ್ಲ. ದುಆ ಬೇಕಾದದ್ದು ಉಳಿದವರಿಗೆ.

ಆಮೇಲೆ ಮಕ್ಕಳಿಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು, ಉಳಿದದ್ದನ್ನು ಮಾವ ಎಳೆದರು. ಗುರುತಿಗೆ ಒಂದು ದಾಸವಾಳದ ಗೆಲ್ಲು ನೆಟ್ಟರು. ಎಲ್ಲರೂ ಸಾಬೂನು ಹಾಕಿ ಕೈ ತೊಳೆದರು. ಇಲ್ಲಿ ಒಂದು ಮಸ್‌ಅಲ ಹೇಳಬೇಕು. ನಮ್ಮ ಮದ್‌ಹಬಿನಲ್ಲಿ ಬೆಕ್ಕು ಬದುಕಿರುವಾಗ ಶುದ್ಧ, ಆದರೆ ಸತ್ತ ಮೇಲೆ ಅದರ ದೇಹ ನಜಸ್. ಒಣಗಿದ ಕೈ ಒಣಗಿದ ರೋಮಕ್ಕೆ ತಾಗಿದರೆ ನಜಸ್ ಹತ್ತುವುದಿಲ್ಲ. ಎರಡರಲ್ಲಿ ಒಂದು ಒದ್ದೆ ಇದ್ದರೆ, ರಕ್ತ ತಾಗಿದರೆ ತೊಳೆಯಬೇಕು. ಏಳು ಸಲ ತೊಳೆಯುವ ನಿಯಮ ಇದಕ್ಕಿಲ್ಲ, ಅದು ನಾಯಿ ಮತ್ತು ಹಂದಿಯದ್ದು. ಆದ್ದರಿಂದ ಮಗು ಮುಟ್ಟಿತು ಎಂದು ಕಿರುಚಿ ಎಳೆದುಕೊಂಡು ಹೋಗುವ ಅಗತ್ಯ ಇಲ್ಲ. ತೊಳೆದರೆ ಮುಗಿಯಿತು.

ಆದರೆ ಮುಟ್ಟಲೇಬಾರದ ಸಂದರ್ಭ ಒಂದು ಉಂಟು. ಬೆಕ್ಕೋ ನಾಯಿಯೋ ಸಾಯುವ ಮೊದಲು ವಿಚಿತ್ರವಾಗಿ ವರ್ತಿಸಿದ್ದರೆ, ಸುಮ್ಮನೆ ಕಚ್ಚಲು ಬಂದಿದ್ದರೆ, ಬಾಯಿಂದ ಜೊಲ್ಲು ಸುರಿದಿದ್ದರೆ ಅದು ರೇಬೀಸ್ ಆಗಿರಬಹುದು. ಆಗ ಮಕ್ಕಳನ್ನು ಹತ್ತಿರ ಬಿಡಬೇಡಿ, ದೊಡ್ಡವರೂ ಬರಿಗೈಯಲ್ಲಿ ಮುಟ್ಟಬೇಡಿ. ಅದು ಯಾರಿಗಾದರೂ ಕಚ್ಚಿದ್ದರೆ ಅಥವಾ ಪರಚಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕು. ಮಗುವಿಗೆ ದೂರದಿಂದ ವಿದಾಯ ಹೇಳಿಸಿದರೂ ಸಾಕಾಗುತ್ತದೆ.

ಗುಂಡಿ ಮುಚ್ಚಿದ ಕೂಡಲೇ ವಿಷಯ ಮುಗಿಯುವುದಿಲ್ಲ. ಆ ಹುಡುಗಿ ಅಂದು ಮಧ್ಯಾಹ್ನ ಅಳದೆ ಆಟಕ್ಕೆ ಹೋದಳು. ಅಜ್ಜಿಗೆ ಆಶ್ಚರ್ಯ. ಸಣ್ಣ ಮಕ್ಕಳ ದುಃಖ ಹಾಗೆಯೇ, ಮಳೆಯ ಹಾಗೆ ಬಂದು ಬಂದು ಬಿಡುತ್ತದೆ. ರಾತ್ರಿ ಮಲಗುವಾಗ ಅತ್ತಳು. ಮರುದಿನ "ಚಿನ್ನುಗೆ ಮಣ್ಣಿನ ಒಳಗೆ ಚಳಿಯಾಗುದಿಲ್ವಾ?" ಎಂದು ಕೇಳಿದಳು. ಅದರ ಮರುದಿನವೂ ಅದನ್ನೇ ಕೇಳಿದಳು. ಉಮ್ಮ ಪ್ರತಿ ಸಲವೂ ಒಂದೇ ಉತ್ತರ ಕೊಟ್ಟರು: "ಇಲ್ಲ ಮೋಳೇ, ಸತ್ತ ಬೆಕ್ಕಿಗೆ ಚಳಿ ಗೊತ್ತಾಗುದಿಲ್ಲ." ಮಗು ಒಂದೇ ಪ್ರಶ್ನೆಯನ್ನು ತಿರುಗಿ ತಿರುಗಿ ಕೇಳುವುದು ಉತ್ತರ ಇನ್ನೂ ಅದೇ ಇದೆಯಾ ಎಂದು ನೋಡಲಿಕ್ಕೆ. ಪ್ರತಿ ಸಲ ಬೇರೆ ಬೇರೆ ಕಥೆ ಹೇಳಿದರೆ ನಂಬಿಕೆ ಹೋಗುತ್ತದೆ.

ನಾಲ್ಕನೇ ದಿನ ನಿಜವಾದ ವಿಷಯ ಹೊರಗೆ ಬಂತು. ದಮಾಮಿನಿಂದ ಉಪ್ಪ ವಿಡಿಯೋ ಕಾಲ್ ಮಾಡಿದಾಗ "ಚಿನ್ನುಗೆ ಎಂತ ಆಯ್ತು, ನನಗೆ ಹೇಳು" ಎಂದು ಅವಳನ್ನೇ ಕೇಳಿದರು. ಹುಡುಗಿ ಎಲ್ಲ ಹೇಳಿ, ಕೊನೆಗೆ ಮೆಲ್ಲಗೆ "ನಾನು ಬೈದಿದ್ದೆ" ಎಂದಳು. ಹಿಂದಿನ ರಾತ್ರಿ ಬೆಕ್ಕು ಅವಳ ಲೋಟದ ಹಾಲಿಗೆ ಬಾಯಿ ಹಾಕಿತ್ತು. "ಹೊರಗೆ ಹೋಗು" ಎಂದು ಬೈದಿದ್ದಳು. ಬೈದದ್ದಕ್ಕೇ ಬೆಕ್ಕು ಹೊರಗೆ ಹೋಗಿ ಸತ್ತಿತು ಎಂದು ನಾಲ್ಕು ದಿನ ಒಳಗೇ ಇಟ್ಟುಕೊಂಡಿದ್ದಳು. ಈ ಪ್ರಾಯದ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ತಾವು ಸಿಟ್ಟಿನಲ್ಲಿ ಅಂದದ್ದು, ಮನಸ್ಸಿನಲ್ಲಿ ಬಯಸಿದ್ದು ನಿಜವಾಗಿಯೂ ನಡೆದುಬಿಡುತ್ತದೆ ಎಂದು ಅವು ನಂಬುತ್ತವೆ. ಆದ್ದರಿಂದ ಮಗು ಕೇಳದಿದ್ದರೂ ಒಂದು ಮಾತು ಹೇಳಿಯೇ ಬಿಡಬೇಕು: "ಇದು ನಿನ್ನಿಂದ ಆದದ್ದಲ್ಲ. ಬೈದರೆ ಯಾರೂ ಸಾಯುವುದಿಲ್ಲ." ಆ ಉಪ್ಪ ಹೇಳಿದ್ದೂ ಅದನ್ನೇ. ಜೊತೆಗೆ "ಚಿನ್ನು ದಿನಾ ರಾತ್ರಿ ಹೊರಗೆ ಹೋಗ್ತಿತ್ತಲ್ಲ, ನೀನು ಬೈಯದ ದಿನವೂ ಹೋಗ್ತಿತ್ತಲ್ಲ?" ಎಂದು ನೆನಪು ಮಾಡಿಸಿದರು. ಅಂದಿನಿಂದ ಅವಳು ನಿದ್ದೆ ಸರಿಯಾಗಿ ಮಾಡಿದಳು. ಸತ್ತದ್ದನ್ನು ಮುಚ್ಚಿಟ್ಟಿದ್ದರೆ ಈ ಮಾತು ಹೊರಗೆ ಬರುವ ದಾರಿಯೇ ಇರುತ್ತಿರಲಿಲ್ಲ. "ಎಲ್ಲಿಯೋ ಹೋಗಿದೆ" ಎಂಬ ಮಾತು ಅವಳ ಲೆಕ್ಕವನ್ನು ಸರಿ ಎಂದು ಹೇಳಿದ ಹಾಗೆಯೇ ಆಗುತ್ತಿತ್ತು.

ಮಕ್ಕಳು ಕೇಳುವ ಇನ್ನೊಂದು ಪ್ರಶ್ನೆ "ಚಿನ್ನು ಜನ್ನತಿಗೆ ಹೋಗ್ತದಾ?" ಎಂಬುದು. ಹೌದು, ಅಲ್ಲಿ ನಿನಗಾಗಿ ಕಾಯುತ್ತಾ ಕೂತಿದೆ ಎಂದು ಹೇಳಲು ನಮಗೆ ಆಧಾರ ಇಲ್ಲ. ಇಲ್ಲ, ಅದು ಮಣ್ಣಾಗಿ ಹೋಗುತ್ತದೆ ಎಂದು ಐದು ವರ್ಷದ ಮಗುವಿನ ಮುಖಕ್ಕೆ ಹೇಳುವುದೂ ಬೇಡ. ಪ್ರಾಣಿಗಳೂ ಹಕ್ಕಿಗಳೂ ನಮ್ಮ ಹಾಗೆಯೇ ಸಮುದಾಯಗಳು, ಅವೆಲ್ಲ ತಮ್ಮ ರಬ್ಬನ ಬಳಿ ಸೇರುತ್ತವೆ ಎಂಬ ಅರ್ಥದ ಮಾತು ಸೂರಃ ಅನ್‌ಆಮಿನಲ್ಲಿ ಇದೆ. ಜನ್ನತಿನಲ್ಲಿ ಮನಸ್ಸು ಬಯಸಿದ್ದು ಸಿಗುತ್ತದೆ ಎಂದೂ ಕುರ್‌ಆನ್ ಹೇಳುತ್ತದೆ. ಇವೆರಡನ್ನು ಸೇರಿಸಿ "ಚಿನ್ನುವನ್ನು ಹುಟ್ಟಿಸಿದ ಅಲ್ಲಾಹನಿಗೆ ಅದನ್ನು ಎಂತ ಮಾಡಬೇಕು ಅಂತ ಗೊತ್ತು. ನೀನು ಜನ್ನತಿಗೆ ಹೋದರೆ ನಿನಗೆ ಬೇಕಾದದ್ದು ಅವನಲ್ಲಿ ಕೇಳಬಹುದು" ಎಂದರೆ ಸುಳ್ಳೂ ಆಗುವುದಿಲ್ಲ, ಮಗುವಿನ ಆಸೆಯೂ ಮುರಿಯುವುದಿಲ್ಲ.

ಗಂಡುಮಕ್ಕಳ ವಿಷಯದಲ್ಲಿ ಒಂದು ಮಾತು. "ಗಂಡಸಾಗಿ ಬೆಕ್ಕಿಗೆ ಅಳ್ತೀಯಾ?" ಎಂದು ಹೇಳುವವರಿದ್ದಾರೆ. ಎರಡು ವರ್ಷ ತುಂಬದ ಮಗ ಇಬ್ರಾಹೀಮ್ ತೀರಿಹೋದಾಗ ಪ್ರವಾದಿ(ಸ)ಯವರ ಕಣ್ಣಲ್ಲಿ ನೀರು ಬಂತು. ಆಶ್ಚರ್ಯಪಟ್ಟವರಿಗೆ ಅದು ಕರುಣೆ ಎಂದು ಅವರು ತಿಳಿಸಿದರು. ದೀನ್ ತಡೆದದ್ದು ಎದೆ ಬಡಿದುಕೊಂಡು ಗೋಳಾಡುವುದನ್ನು. ಕಣ್ಣೀರನ್ನು ತಡೆದಿಲ್ಲ. ಮಗು ಮತ್ತು ಬೆಕ್ಕು ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಐದು ವರ್ಷದವನ ಕೈಗೆ ಸಿಕ್ಕಿದ ಮೊದಲ ಸಾವು ಬೆಕ್ಕಿನದ್ದೇ ಆಗಿದ್ದರೆ ಅವನ ಕಣ್ಣೀರು ಅದಕ್ಕೇ ಬರುತ್ತದೆ. "ನಾವು ದಿನಾ ಕೋಳಿ ತಿನ್ನುದಿಲ್ವಾ, ಅದಕ್ಕೆ ಅಳ್ತೇವಾ?" ಎಂದು ವಾದ ಮಾಡುವವರಿಗೂ ಉತ್ತರ ಸುಲಭ. ಅಳು ಬರುವುದು ಹೆಸರಿಟ್ಟು ಸಾಕಿದ್ದಕ್ಕೆ. ಉರೂಸಿನ ಸಂತೆಯಲ್ಲಿ ಕೊಂಡ ಬಣ್ಣದ ಕೋಳಿಮರಿ ಮೂರು ದಿನಕ್ಕೆ ಸತ್ತರೆ, ಕೋಳಿ ಸುಕ್ಕ ತಿನ್ನುವ ಅದೇ ಹುಡುಗ ಅಳುತ್ತಾನೆ. ಅದರಲ್ಲಿ ತಪ್ಪೂ ಇಲ್ಲ, ನಗುವ ವಿಷಯವೂ ಇಲ್ಲ.

ಹೊಸ ಬೆಕ್ಕನ್ನು ಮರುದಿನವೇ ತರಬೇಡಿ. ಲವ್‌ಬರ್ಡ್ ಸತ್ತರೆ ಅದೇ ಬಣ್ಣದ್ದನ್ನು ತಂದು ಗೂಡಿಗೆ ಹಾಕಿ ಏನೂ ಆಗದ ಹಾಗೆ ಮಾಡುವವರಿದ್ದಾರೆ. ಮಕ್ಕಳು ವ್ಯತ್ಯಾಸ ಕಂಡುಹಿಡಿಯುತ್ತವೆ. ಕಂಡುಹಿಡಿಯದಿದ್ದರೆ ಇನ್ನೂ ಕಷ್ಟ, ಹೋದದ್ದನ್ನೆಲ್ಲ ಅಂಗಡಿಯಿಂದ ತರಬಹುದು ಎಂದು ಕಲಿತಿರುತ್ತವೆ. ಮಗುವೇ ಕೇಳುವವರೆಗೆ ಕಾಯಿರಿ. ಫ್ಲ್ಯಾಟಿನಲ್ಲಿ ಇರುವವರಿಗೆ ಮಣ್ಣಿಲ್ಲ ಎಂಬ ತೊಂದರೆ ಉಂಟು. ಮೀನು, ಲವ್‌ಬರ್ಡಿನಷ್ಟು ಸಣ್ಣದಾದರೆ ದೊಡ್ಡ ಹೂವಿನ ಚಟ್ಟಿಯ ಅಡಿಯಲ್ಲಿ ಹೂಳಬಹುದು. ಬೆಕ್ಕಾದರೆ ಅದೇ ದಿನ ಅಜ್ಜಿ ಮನೆಯ ಹಿತ್ತಿಲಿಗೆ ಕೊಂಡುಹೋಗಿ. ಮಗುವಿನ ಎದುರಿಗೆ ಕಸದ ಗಾಡಿಗೆ ಮಾತ್ರ ಹಾಕಬೇಡಿ.

ಕೆಲವು ವಾರ ಮಗು ಗೊಂಬೆಯನ್ನು ಹೂಳುವ ಆಟ ಆಡಿದರೆ, ಗುಂಡಿ ತೆಗೆದು ನೋಡುವ ಎಂದರೆ ಹೆದರಬೇಡಿ. ಅರ್ಥ ಮಾಡಿಕೊಳ್ಳಲು ಅದು ಮಾಡುವ ಕೆಲಸ ಅದು. ತೆಗೆಯಬಾರದು ಎಂದು ಮಾತ್ರ ಸರಳವಾಗಿ ಹೇಳಿ. ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ತಿರುಗಿ ಶುರುವಾಗಿ ನಿಲ್ಲದಿದ್ದರೆ, ಶಾಲೆಗೆ ಹೋಗಲು ಒಪ್ಪದೆ ಉಮ್ಮನನ್ನು ಬಿಡದೇ ಹಿಡಿದುಕೊಂಡರೆ, "ನನ್ನಿಂದಲೇ ಸತ್ತದ್ದು" ಎಂಬ ಮಾತು ಬಿಡದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮಂತ್ರಿಸಿದ ನೀರು ಕೊಟ್ಟು ಸುಮ್ಮನಿರಬೇಡಿ. ಸಾಮಾನ್ಯವಾಗಿ ಇದರ ಹಿಂದೆ ಬೆಕ್ಕಿಗಿಂತ ದೊಡ್ಡ ಬೇರೆ ಹೆದರಿಕೆ ಇರುತ್ತದೆ.

ಈ ಮಕ್ಕಳು ಮುಂದೆ ಅಜ್ಜ ಅಜ್ಜಿಯರ ಮಯ್ಯಿತ್ತಿನ ಎದುರು ನಿಲ್ಲಬೇಕಾದವರು. ಆ ದಿನ ಮನೆ ತುಂಬ ಜನ, ಅಳು, ಗಡಿಬಿಡಿ. ಮಗುವನ್ನು ಕೂರಿಸಿ ಹೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಸತ್ತವರು ಉಸಿರಾಡುವುದಿಲ್ಲ, ಅವರಿಗೆ ನೋವಿಲ್ಲ, ತಿರುಗಿ ಬರುವುದಿಲ್ಲ, ನನ್ನಿಂದ ಆದದ್ದಲ್ಲ, ಅಳಬಹುದು. ಈ ಐದು ವಿಷಯ ಆ ಮಗುವಿಗೆ ಮೊದಲೇ ಗೊತ್ತಿದ್ದರೆ ಅದರ ಭಾರ ಎಷ್ಟೋ ಕಡಿಮೆಯಾಗುತ್ತದೆ. ನಿಮ್ಮ ಮನೆಯಲ್ಲಿ ಹಕ್ಕಿಯೋ ಬೆಕ್ಕೋ ಸತ್ತ ದಿನ ಗೋಣಿ ಹುಡುಕುವ ಮೊದಲು ಮಗುವನ್ನು ಹತ್ತಿರ ಕರೆಯಿರಿ. ಮಣ್ಣು ಮಾಡಿದ ಮೇಲೆ ಎರಡು ದಿನ ಬಿಟ್ಟು ಅದರ ಹೆಸರು ಹಿಡಿದು ಕೇಳಿ, ಅದಕ್ಕೆ ಏನಾಯಿತು ಎಂದು. ಕೇಳಿದ ಮೇಲೆ, ಅದು ಹೇಳಿ ಮುಗಿಸುವವರೆಗೆ ಸುಮ್ಮನೆ ಕೂತು ಕೇಳಿ.